ಪಾಲು ಎಣಿಸುವಾಗ ಅಕ್ಕನನ್ನು ಬಿಡಲಾಗದು

“ತಂದೆತಾಯಿ ಇಲ್ಲ. ಪಿತ್ರಾರ್ಜಿತ 6 ಎಕರೆ ನನಗೂ ಅಣ್ಣನಿಗೂ ತಲಾ 3 ಎಕರೆ ಅಲ್ಲವೇ? ಅಕ್ಕನಿಗೆ ಮದುವೆಯಾಗಿದೆ.”

ಅಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಂತೆ ಮಗಳೂ ಹುಟ್ಟಿನಿಂದಲೇ ಸಹಭಾಗಿ, ಅಂದರೆ ಪಿತ್ರಾರ್ಜಿತದಲ್ಲಿ ಮಗನಂತೆಯೇ ಪಾಲುದಾರಳು; ಮದುವೆಯಿಂದ ಆ ಹಕ್ಕು ಹೋಗುವುದಿಲ್ಲ. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕಿರಲಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ತಾಯಿ ಮೊದಲೇ ತೀರಿಕೊಂಡಿದ್ದು, ತಂದೆ ಉಯಿಲು ಬರೆಯದಿದ್ದರೆ, ನ್ಯಾಯಾಲಯವು ತಂದೆಯ ಸಾವಿನ ಮುನ್ನ ವಿಭಾಗವಾಯಿತೆಂದು ಕಲ್ಪಿಸಿ ತಂದೆಗೂ ಮೂವರು ಮಕ್ಕಳಿಗೂ ತಲಾ 1/4 ಎಣಿಸುತ್ತದೆ. ತಂದೆಯ 1/4 ಮೂವರು ಮಕ್ಕಳಿಗೆ ತಲಾ 1/12ರಂತೆ ಸೇರಿ, ಪ್ರತಿಯೊಬ್ಬರದೂ 1/3 ಆಗುತ್ತದೆ.

ಪಾಲಿನ ದಾವೆಯಲ್ಲಿ ನ್ಯಾಯಾಲಯ ಮೊದಲು ನೀಡುವ ಪ್ರಾಥಮಿಕ ಡಿಕ್ರಿ ಹೇಳುವುದು ಇಷ್ಟನ್ನೇ. ಕಂದಾಯ ಜಮೀನಾದ್ದರಿಂದ ಅಳತೆ ಮತ್ತು ಹಂಚಿಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮಿನಂತೆ ಜಿಲ್ಲಾಧಿಕಾರಿಯ ಮೂಲಕ ನಡೆಯುತ್ತದೆ. ಅಲ್ಲಿ ಬಾವಿಯಿರುವ ತರಿಗೂ ಖುಷ್ಕಿಗೂ ಬೆಲೆ ಬೇರೆಯಾದ್ದರಿಂದ, ಸಮಪಾಲೆಂದರೆ ತಲಾ 2 ಎಕರೆಯೇ ಆಗಬೇಕಿಲ್ಲ. ಈ ಹಂತದಲ್ಲೇ ತಕರಾರನ್ನು ಲಿಖಿತವಾಗಿ ಸಲ್ಲಿಸಿ.