ಎರಡು ಸಲ ಕಪ್ಪಾದ ಹೂಜಿ

ಬೀದರಿನಲ್ಲಿ ನಮ್ಮ ಕಾಕಾ ಬಿದ್ರಿ ಸಾಮಾನಿನ ಅಂಗಡಿ ಇಟ್ಟಿದ್ದಾರೆ. ಮೇಳಕ್ಕೆ ಅಂತ ಯಾರೋ ಮಾಡಿಕೊಟ್ಟ ಪಿಪಿಟಿ ಅವರ ಹತ್ತಿರ ಇತ್ತು. ಅದನ್ನೇ ಎರಡು ನಿಮಿಷದ ವಿಡಿಯೊ ಮಾಡಬೇಕು, ಸ್ಟೋರಿಬೋರ್ಡ್ ನೀನು ಬರಿ ಅಂದರು. "ಬರಿಯೋದೇನದ ಇದ್ರಾಗ? ಸ್ಲೈಡ್ ಓದ್ಕೋತ ಹೋದ್ರ ಆತು."

ಸ್ಟೋರಿಬೋರ್ಡ್ ಅಂದರೆ ಮೂರು ಕಾಲಂ: ಕಣ್ಣಿಗೆ ಕಾಣೋದೇನು, ತೆರೆ ಮೇಲೆ ಬರುವ ಅಕ್ಷರ ಏನು, ಹಿನ್ನೆಲೆ ದನಿ ಹೇಳೋದೇನು. ಪಜೀತಿಯೆಲ್ಲ ಮೊದಲನೇ ಕಾಲಂನಲ್ಲಿ. ಸ್ಲೈಡಿನಲ್ಲಿ 'ಶ್ರೀಮಂತ ಪರಂಪರೆ' ಅಂತ ಸುಮ್ನೆ ಬರೆದುಬಿಡಬಹುದು, ಆದರೆ ಕ್ಯಾಮೆರಾದವನು ಪಾಪ ಯಾವ ಕಡೆ ತಿರುಗಬೇಕು?

ಐದನೇ ಸ್ಲೈಡಿಗೆ ಬಂದಾಗ ಮಜಾ ಶುರುವಾಯಿತು. ಅದರಲ್ಲಿ ಬಿದ್ರಿ ಹೂಜಿ ಮಾಡೋ ಕ್ರಮ ಇತ್ತು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ, ಕಪ್ಪು, ಕೆತ್ತನೆ, ಬೆಳ್ಳಿ, ಕೋಟೆ ಮಣ್ಣು, ಕಪ್ಪು. ಇಷ್ಟೂ ಒಂದೇ ಸ್ಲೈಡು. ಹೂಜಿ ಎರಡು ಸಲ ಯಾಕೆ ಕಪ್ಪಾಗುತ್ತೆ ಅಂತ ಸ್ಲೈಡ್ ನೋಡಿದವರು ಯಾರೂ ಕೇಳಿರಲಿಲ್ಲ. ವಿಡಿಯೊದಲ್ಲಾದರೆ ಹೂಜಿ ಕಪ್ಪು, ಆಮೇಲೆ ಬೂದು, ಮತ್ತೆ ಕಪ್ಪು. ನೋಡೋರು ರಿವೈಂಡ್ ಮಾಡ್ತಾರೆ!

ಮೊದಲ ಕಪ್ಪು ಮೈಲುತುತ್ತದ್ದು. ಕೆರೆದ ಗೆರೆ ಕಾಣಲಿ ಅಂತ ಹಚ್ಚೋದು, ಆಮೇಲೆ ಉಜ್ಜಿದರೆ ಹೋಗುತ್ತೆ. ಎರಡನೇದು ಕಾಯಂ. ಹಾಗಾಗಿ ಒಂದು ಸ್ಲೈಡನ್ನ ಆರು ದೃಶ್ಯ ಮಾಡಿದೆ, ನಡುವೆ ಇದನ್ನ ಇಟ್ಟೆ:

ದೃಶ್ಯ: ಉಜ್ಜಿದ ಹೂಜಿ, ತೀರಾ ಹತ್ತಿರದಿಂದ. ಎಲ್ಲ ಒಂದೇ ಬಣ್ಣ.
ಅಕ್ಷರ: ಇಲ್ಲ.
ದನಿ: "ಇದರಲ್ಲಿ ಬೆಳ್ಳಿ ಎಲ್ಲಿದೆ, ಹೇಳಿ ನೋಡೋಣ?"

ದೃಶ್ಯ: ಬಿಸಿ ಮಾಡಿದ ಹೂಜಿಗೆ ಕೈ ಮಣ್ಣು ಮೆತ್ತುತ್ತದೆ. ಮೈ ಕಪ್ಪಾಗುತ್ತದೆ.
ಅಕ್ಷರ: ಕೋಟೆ ಮಣ್ಣು, ನವಸಾಗರ
ದನಿ: "ಕಪ್ಪಾಗೋದು ಸತುವಿನ ಮೈ ಮಾತ್ರ. ಬೆಳ್ಳಿಗೆ ಏನೂ ಆಗೋದಿಲ್ಲ."

ಅಕ್ಷರದಲ್ಲಿ ಇರೋದನ್ನೇ ದನಿಯೂ ಓದಿದರೆ ಕಣ್ಣು ಮುಂದೆ ಓಡುತ್ತೆ, ಕಿವಿ ಹಿಂದೆ ಉಳಿಯುತ್ತೆ. ಅದಕ್ಕೇ ಹೆಸರು ತೆರೆಗೆ, ಕಾರಣ ದನಿಗೆ.

ಕಾಕಾಗೆ ಇಷ್ಟು ಕಡಿಮೆ ಮಾತು ಹಿಡಿಸಲಿಲ್ಲ. ರಾತ್ರಿ ಫೋನ್‌ನಲ್ಲಿ ತಾವೇ ದನಿ ರೆಕಾರ್ಡ್ ಮಾಡಿ ಕಳಿಸಿದರು. ಕನ್ನಡವನ್ನ ಸಮಾಧಾನವಾಗಿ ಓದಿದರೆ ನಿಮಿಷಕ್ಕೆ ನೂರು ಪದದ ಆಸುಪಾಸು ಆಗುತ್ತೆ, ಅಂದರೆ ಹತ್ತು ಸೆಕೆಂಡಿನ ದೃಶ್ಯಕ್ಕೆ ಹದಿನಾರು ಪದ ಹಿಡಿದರೆ ಜಾಸ್ತಿ. ಕಾಕಾ ಅದರಲ್ಲಿ ಬಹಮನಿ ಸುಲ್ತಾನರನ್ನೂ ತಮ್ಮ ಮುತ್ಯಾನನ್ನೂ ಕೂರಿಸಿದ್ದರು. ಚಿತ್ರಕ್ಕೆ ಜೋಡಿಸಿ ನೋಡಿದರೆ ಹೂಜಿ ತೊಳೆದು, ಎಣ್ಣೆ ಹಚ್ಚಿ, ಕಪಾಟು ಸೇರಿದೆ. ದನಿ ಮಾತ್ರ "ಈಗ ಮಣ್ಣು ಹಚ್ಚತಾರ ನೋಡ್ರಿ" ಅನ್ನುತ್ತಿದೆ.

ಅದನ್ನ ನೋಡಿ ಕಾಕಾ ತಾವೇ ನಕ್ಕರು. ಸುಲ್ತಾನರನ್ನ ಬಿಟ್ಟುಕೊಟ್ಟರು, ಮುತ್ಯಾ ಉಳಿದರು. ಕೊನೇ ಸ್ಲೈಡಿನಲ್ಲಿ 'ಧನ್ಯವಾದಗಳು' ಜೊತೆ ಒಂದು ಗುಲಾಬಿ ಇತ್ತು. ಮೂರು ಸೆಕೆಂಡು, ದನಿ ಬೇಡ ಅಂತ ಬರೆದಿದ್ದೆ. ಗುಲಾಬಿ ಸುಮ್ನೆ ಕೂತ್ರ ಚಂದ ಕಾಣಂಗಿಲ್ಲ, ಅದಕ್ಕೂ ಒಂದು ಮಾತು ಬರಿ ಅಂತ ಈಗ ಕೂತಿದ್ದಾರೆ.