ದೇವರನಾಮವನ್ನು ಸ್ಟೇಟಸ್‌ಗೆ ಕತ್ತರಿಸುವವರಲ್ಲಿ ಒಂದು ವಿನಂತಿ

ಶ್ರಾವಣ ಬಂತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆಯ ನಮ್ಮ ಬಂಧುಗಳ ವಾಟ್ಸಾಪ್ ಗುಂಪುಗಳಲ್ಲಿ ಭಜನೆಯ ತುಣುಕುಗಳು ತುಂಬಿಕೊಳ್ಳುತ್ತವೆ. ಅವುಗಳಲ್ಲಿ ಹೆಚ್ಚಿನವು ಹಾಡಿನ ಮೊದಲ ಅರ್ಧ ನಿಮಿಷ ಮಾತ್ರ. ಪಲ್ಲವಿ ಎರಡು ಸಲ ಬಂದು, ಚರಣದ ಮೊದಲ ಸಾಲು ಎತ್ತುವಷ್ಟರಲ್ಲಿ ವಿಡಿಯೊ ಕಡಿದುಹೋಗುತ್ತದೆ. ತುಣುಕು ಚಿಕ್ಕದಾಗಿರುವುದಕ್ಕೆ ನನ್ನ ಆಕ್ಷೇಪವಿಲ್ಲ. ಎಲ್ಲಿಂದ ಎಲ್ಲಿಯವರೆಗೆ ಕತ್ತರಿಸಬೇಕೆಂಬುದನ್ನು ಹಾಡಿನ ಬದಲು ಗಡಿಯಾರ ನಿರ್ಧರಿಸುತ್ತಿರುವುದಕ್ಕೆ ಇದೆ.

ದಾಸರ ಪದಗಳಲ್ಲಿ ಅಂಕಿತ ಬರುವುದು ಸಾಮಾನ್ಯವಾಗಿ ಕೊನೆಯ ಚರಣದಲ್ಲಿ. ಪುರಂದರವಿಠಲ ಎಂದೋ ಕಾಗಿನೆಲೆಯಾದಿಕೇಶವ ಎಂದೋ ಹಾಡುಗಾರ ಹೇಳಿದಾಗಲೇ ಅದು ಯಾರ ಪದವೆಂದು ತಿಳಿಯುವುದು, ಪದ ಪೂರ್ತಿಯಾಯಿತೆಂಬ ಸಮಾಧಾನವಾಗುವುದು. ಮೊದಲ ಅರ್ಧ ನಿಮಿಷವನ್ನಷ್ಟೇ ಉಳಿಸಿಕೊಂಡರೆ ಅಂಕಿತ ಎಂದೆಂದಿಗೂ ಕೇಳುವುದಿಲ್ಲ. "ಅಂಕಿತ ಹೇಳ್ದೆ ಹಾಡು ನಿಲ್ಸಬಾರ್ದು ಮಾರಾಯಾ" ಎಂದು ನಮ್ಮ ದೊಡ್ಡಮ್ಮ ಗುಂಪಿನಲ್ಲಿ ಧ್ವನಿಸಂದೇಶ ಹಾಕಿದ್ದರು. ಅವರ ಮಾತು ನೂರಕ್ಕೆ ನೂರು ಸರಿ.

ಸ್ಟೇಟಸ್‌ನ ಮಿತಿ ಮೊದಲು 30 ಸೆಕೆಂಡ್ ಇದ್ದದ್ದು 2024ರಲ್ಲಿ 1 ನಿಮಿಷಕ್ಕೆ ಏರಿತು. ಒಂದು ನಿಮಿಷದಲ್ಲಿ ಎಷ್ಟು ಹಾಡು ಹಿಡಿಯುತ್ತದೆ ಎಂಬ ಲೆಕ್ಕ ಸುಲಭ. ಆದಿತಾಳದಲ್ಲಿ ಒಂದು ಆವರ್ತಕ್ಕೆ 8 ಎಣಿಕೆ. ನಿಮಿಷಕ್ಕೆ 80 ಎಣಿಕೆಯ ಸಾಧಾರಣ ಗತಿಯಲ್ಲಿ ಹಾಡಿದರೆ ಒಂದು ಆವರ್ತ 6 ಸೆಕೆಂಡಿಗೆ ಮುಗಿಯುತ್ತದೆ. ಅಂದರೆ ಒಂದು ನಿಮಿಷದಲ್ಲಿ 10 ಆವರ್ತಗಳು ಸಿಗುತ್ತವೆ. ನಾಲ್ಕು ಸಾಲಿನ ಚರಣಕ್ಕೆ, ಸಾಲಿಗೊಂದು ಆವರ್ತದಂತೆ, 24 ಸೆಕೆಂಡ್ ಸಾಕು. ಉಳಿದ ಸಮಯ ಪಲ್ಲವಿಗೆ ಧಾರಾಳವಾಗುತ್ತದೆ.

ಹಾಗೆಂದು ಹಾಡಿನ ಆರಂಭದ ಪಲ್ಲವಿಯನ್ನು ತಂದು ಕೊನೆಯ ಚರಣಕ್ಕೆ ಅಂಟಿಸಬೇಡಿ. ಭಜನೆಯಲ್ಲಿ ಗತಿ ಏರುತ್ತಾ ಹೋಗುವುದು ವಾಡಿಕೆ. ಎರಡು ತುಂಡುಗಳನ್ನು ಜೋಡಿಸಿದ ಕಡೆ ತಾಳ ಎಡವಿದ್ದು ಎಂಥವರ ಕಿವಿಗೂ ಬೀಳುತ್ತದೆ. ಪ್ರತಿ ಚರಣದ ನಂತರವೂ ಪಲ್ಲವಿ ಮರಳಿ ಬರುವುದರಿಂದ, ಕೊನೆಯ ಚರಣದ ಹಿಂದಿನ ಪಲ್ಲವಿಯಿಂದ ಹಿಡಿದು, ಅಂಕಿತ ದಾಟಿ, ಮುಕ್ತಾಯದ ಪಲ್ಲವಿಯವರೆಗೆ ಒಂದೇ ತುಂಡಾಗಿ ತೆಗೆದುಕೊಳ್ಳಿ. ಪಲ್ಲವಿಗೆ ಹಿಂದೆ 12, ಮುಂದೆ 12 ಸೆಕೆಂಡ್ ಕೊಟ್ಟರೂ ಒಟ್ಟು 48 ಸೆಕೆಂಡಿನಲ್ಲಿ ಮುಗಿಯುತ್ತದೆ. ಕತ್ತರಿಸುವಾಗ ಕಣ್ಣಿಗಿಂತ ಕಿವಿಯನ್ನು ನಂಬಿ: ತಾಳದ ಪೆಟ್ಟು ಬಿದ್ದ ಮೇಲೆ ಶುರು ಮಾಡಿದರೆ ಪದದ ಮೊದಲ ಅಕ್ಷರ ನುಂಗಿಹೋಗುತ್ತದೆ, ಆದ್ದರಿಂದ ಹಾಡುಗಾರ ಉಸಿರೆಳೆಯುವ ಜಾಗದಿಂದಲೇ ಹಿಡಿಯಿರಿ. ಇಯರ್‌ಫೋನ್ ಹಾಕಿಕೊಂಡು ಕೇಳಿದರೆ ಆ ಜಾಗ ಸ್ಪಷ್ಟವಾಗಿ ಸಿಗುತ್ತದೆ.

ಇನ್ನು ಅಡ್ಡ ಹಿಡಿದ ವಿಡಿಯೊವನ್ನು ಫೋನಿನ ಉದ್ದಕ್ಕೆ ಹೊಂದಿಸುವ ಹುಚ್ಚು. 1920 ಅಗಲ, 1080 ಎತ್ತರದ ಚಿತ್ರದಿಂದ ಪೂರ್ತಿ ಪರದೆ ತುಂಬುವ ಉದ್ದನೆಯ ಪಟ್ಟಿಯನ್ನು ಕತ್ತರಿಸಿದರೆ ಉಳಿಯುವ ಅಗಲ ಸುಮಾರು 607 ಮಾತ್ರ, ಮೂರನೇ ಒಂದು ಭಾಗವೂ ಇಲ್ಲ. ಎದುರುಬದುರು ಸಾಲಾಗಿ ಕುಳಿತ ಮಂಡಳಿಯಲ್ಲಿ ಹಾರ್ಮೋನಿಯಂನವರು ಉಳಿದರೆ ತಬಲದವರು ಮಾಯ. ದಯವಿಟ್ಟು ಅಡ್ಡ ಇದ್ದದ್ದನ್ನು ಅಡ್ಡವಾಗಿಯೇ ಬಿಡಿ. ಮೇಲೆ ಕೆಳಗೆ ಕಪ್ಪು ಉಳಿದರೆ ಯಾವ ನಷ್ಟವೂ ಇಲ್ಲ. ಆ ಜಾಗಕ್ಕೆ ಹೂವಿನ ಚೌಕಟ್ಟು, ಮಿನುಗುವ ನಕ್ಷತ್ರ ತುಂಬುವುದರಿಂದ ಮಾತ್ರ ನಷ್ಟವಿದೆ. ಕುಗ್ಗಿಸಿದ ಕಡತದಲ್ಲಿರುವ ಅಷ್ಟಿಷ್ಟು ದತ್ತಾಂಶವನ್ನು ಮಿನುಗುವ ವಸ್ತುಗಳೇ ತಿಂದುಹಾಕುತ್ತವೆ, ಹಾಡುವವರ ಮುಖ ಚೌಕಚೌಕವಾಗಿ ಒಡೆಯುತ್ತದೆ. ನಮ್ಮ ಕಡೆ ಹಿನ್ನೆಲೆಯಲ್ಲಿ ಸುರಿಯುವ ಮಳೆಯೇ ಆ ಕೆಲಸವನ್ನು ಅರ್ಧ ಮಾಡಿರುತ್ತದೆ. ಗರ್ಭಗುಡಿಯ ಕತ್ತಲು ಮತ್ತು ಆಡುವ ಆರತಿಯ ಜ್ವಾಲೆ ಉಳಿದದ್ದನ್ನು ಮುಗಿಸುತ್ತವೆ.

ಗಾತ್ರದ ಮಾತಿಗೆ ಬಂದರೆ, ಫೋನಿನಲ್ಲಿ ಚಿತ್ರಿಸಿದ ನಾಲ್ಕು ನಿಮಿಷದ ಹಾಡು ಸುಲಭವಾಗಿ 500 ಎಂಬಿ ಮುಟ್ಟುತ್ತದೆ. ಅದೇ 48 ಸೆಕೆಂಡಿನ ತುಣುಕನ್ನು 720ಪಿ ಅಳತೆಯಲ್ಲಿ, ಸೆಕೆಂಡಿಗೆ ಸುಮಾರು 1 ಮೆಗಾಬಿಟ್ ದರದಲ್ಲಿ ಉಳಿಸಿದರೆ 7 ಎಂಬಿಯೊಳಗೆ ನಿಲ್ಲುತ್ತದೆ. ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಹುಡುಕುವ ಮನೆಗಳಿಗೆ ಇದು ದೊಡ್ಡ ಅನುಕೂಲ. ಆದರೆ ಈ ಕುಗ್ಗಿಸುವಿಕೆ ಮೂಲ ವಿಡಿಯೊದಿಂದ ನಡೆಯಬೇಕು. ವಾಟ್ಸಾಪ್‌ನಲ್ಲಿ ಬಂದದ್ದನ್ನು ಹಾಗೆಯೇ ಫಾರ್ವರ್ಡ್ ಮಾಡಿದರೆ ಹೆಚ್ಚು ಕೆಡುವುದಿಲ್ಲ. ಅದನ್ನು ಬೇರೊಂದು ಆ್ಯಪಿಗೆ ಹಾಕಿ, ತಮ್ಮ ಹೆಸರು ಸೇರಿಸಿ, ಮತ್ತೆ ಏರಿಸಿದಾಗಲೇ ಒಂದೊಂದು ಸುತ್ತಿಗೂ ಕೆಡುತ್ತಾ ಹೋಗುತ್ತದೆ. ಮೊದಲು ಹಾಳಾಗುವುದು ಕೆಳಗೆ ಬರೆದ ಸಾಹಿತ್ಯದ ಒತ್ತಕ್ಷರಗಳು, ಆಮೇಲೆ ತಾಳದ ನಾದ. ತಾಳ ಸಿಡುಕಿದಂತೆ ಕೇಳಿದರೆ ಆ ತುಣುಕು ಹಲವು ಕೈ ದಾಟಿ ಬಂದಿರುವ ಸಾಧ್ಯತೆಯೇ ಹೆಚ್ಚು.

ಆದ್ದರಿಂದ ಚಿತ್ರಿಸಿದವರನ್ನೇ ಕೇಳಿ ಮೂಲವನ್ನು 'ಡಾಕ್ಯುಮೆಂಟ್' ಆಗಿ ತರಿಸಿಕೊಳ್ಳಿ. ಹಾಗೆ ಕಳುಹಿಸಿದರೆ ಅದು ಕುಗ್ಗದೆ ಬರುತ್ತದೆ. ಮಂಡಳಿಯ ಹೆಸರು, ಊರು, ಪದ ರಚಿಸಿದ ದಾಸರ ಹೆಸರನ್ನು ದಪ್ಪ ಅಕ್ಷರದಲ್ಲಿ ಮೊದಲ ನಾಲ್ಕೈದು ಸೆಕೆಂಡ್ ಮಾತ್ರ ತೋರಿಸಿ. ಸ್ಟೇಟಸ್ 24 ಗಂಟೆಗೆ ಅಳಿಸಿಹೋಗುವುದರಿಂದ, ಪೂರ್ತಿ ಹಾಡು ಕೇಳಬೇಕೆನ್ನುವವರಿಗೆ ಅದು ಯಾರ ಬಳಿ ಇದೆ ಎಂಬುದನ್ನು ಗುಂಪಿನಲ್ಲಿ ಒಂದು ಸಾಲು ಬರೆದಿಡಿ.