ಒಂದು ‘ದ’ ಅಕ್ಷರ, 8 ಟನ್ ಚೆರ್ರಿ

ನಮ್ಮ ತೋಟದ ಆಫೀಸಲ್ಲಿ ಒಬ್ರು ರೈಟರ್ ಇದಾರೆ. ಕೊಡಗಿನ ಹೊರಗಿನವ್ರಿಗೆ ಮೊದ್ಲೇ ಹೇಳ್ಬಿಡ್ತೀನಿ, ಇಲ್ಲಿ ರೈಟರ್ ಅಂದ್ರೆ ಕಥೆ ಕವನ ಬರೆಯೋರಲ್ಲ, ಚೆಕ್‌ರೋಲ್ ಬರೆಯೋರು, ಇವತ್ತು ಎಷ್ಟು ಆಳು ಬಂದ್ರು, ಯಾರು ಎಷ್ಟು ಕೆಜಿ ಹಣ್ಣು ಕೊಯ್ದ್ರು, ಗೊಬ್ಬರ ಎಷ್ಟು ಮೂಟೆ ಹೋಯ್ತು ಅಂತ ಲೆಕ್ಕ ಇಡೋರು. ಆ ಲೆಕ್ಕದಲ್ಲಿ ನಮ್ ರೈಟರು ಒಂದು ಅಕ್ಷರ ಜಾಸ್ತಿ ಬರೆಯಲ್ಲ. ‘ಮಳೆ. ಕೆಲಸ ಇಲ್ಲ.’ ಅಷ್ಟೇ. ಇಡೀ ಜುಲೈ ತಿಂಗಳು ಅವ್ರ ಬುಕ್ಕಲ್ಲಿ ಮೂರು ಪದದಲ್ಲಿ ಮುಗ್ದೋಗುತ್ತೆ. ಆದ್ರೆ ಅದೇ ಮನುಷ್ಯ ಹೊರಗಿನವ್ರಿಗೆ ಒಂದು ಮೆಸೇಜ್ ಹಾಕಿ ಅಂದ್ರೆ ಸಾಕು, ಬೆನ್ನು ನೆಟ್ಟಗೆ ಮಾಡ್ಕೊಂಡು, ಕನ್ನಡಕ ಒರೆಸ್ಕೊಂಡು, ಆಸ್ಥಾನ ಪಂಡಿತರಾಗ್ಬಿಡ್ತಾರೆ.

ಈ ಸಲ ಮಳೆಗೆ ತೋಟದ ರಸ್ತೆಯ ಮೋರಿ ಕುಸೀತು. ಗೋಡೌನಲ್ಲಿ 160 ಮೂಟೆ ರೋಬಸ್ಟಾ ಚೆರ್ರಿ, ಒಣಗಿಸಿದ ಕಾಫಿ ಹಣ್ಣು, ಮೂಟೆಗೆ 50 ಕೆಜಿ, ಅಂದ್ರೆ 8 ಟನ್, ಬೆಂಗಳೂರಿನ ಪಾರ್ಟಿಗೆ ಕೊಟ್ಟಾಗಿತ್ತು, ಮಾರನೇ ದಿನ ಬೆಳಿಗ್ಗೆ ಹುಣಸೂರು ಕಡೆಯಿಂದ ಅವ್ರ ಲಾರಿ ಬರ್ಬೇಕಿತ್ತು. ಮೋರಿ ಇಲ್ದೆ ಲಾರಿ ಎಲ್ಲಿ ಬರುತ್ತೆ. ಸಾಹುಕಾರ್ರು ರೈಟರಿಗೆ ‘ಲಾರಿ ಬೇಡ ಅಂತ ಪಾರ್ಟಿಗೆ ಒಂದು ವಾಟ್ಸಾಪ್ ಹಾಕಿ’ ಅಂದ್ರು. ರೈಟರು ಹಾಕಿದ್ದು ಇದು, ನಡುವೆ ಎರಡು ವಂದನೆ, ಒಂದು ಹಾರೈಕೆ ನಾನೇ ತೆಗ್ದಿದೀನಿ, ಇಲ್ಲಾಂದ್ರೆ ನೀವು ಓದೋದು ಬಿಟ್ಟು ಎದ್ದೋಗ್ತೀರ:

‘ಮಾನ್ಯರೇ, ಕಾಫಿ ವಹಿವಾಟಿನಲ್ಲಿ ಸುಪ್ರಸಿದ್ಧರಾದ ತಮ್ಮ ಘನ ಸನ್ನಿಧಾನಕ್ಕೆ ಅನಂತ ವಂದನೆಗಳು. ಕಾವೇರಮ್ಮನ ಕೃಪೆಯಿಂದ ಇಲ್ಲಿ ಸರ್ವರೂ ಕ್ಷೇಮ. ತರುವಾಯ ಈ ಮೂಲಕ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಸರಕಿನ ಸಾಗಣೆಯ ಸಲುವಾಗಿ ನಾಳೆ ಬೆಳಿಗ್ಗೆ ತಾವು ಕಳುಹಿಸಲು ಉದ್ದೇಶಿಸಿರುವ ಲಾರಿಯನ್ನು, ವರುಣದೇವನ ಅವಕೃಪೆಯಿಂದ ಸಂಭವಿಸಿದ ಮೋರಿ ಕುಸಿತದ ಪ್ರಯುಕ್ತ, ಸದರಿ ಮಾರ್ಗವು ಪುನಃ ಸಂಚಾರಯೋಗ್ಯವಾಗುವ ಪರ್ಯಂತ ಕಳುಹಿಸದಿರುವುದು ಸೂಕ್ತವೆಂದು ಅಭಿಪ್ರಾಯಪಡಲಾಗಿದೆ.’

ಮೇಲ್ಕಂಡ ವಿಷಯ ಅಂತೆ. ವಾಟ್ಸಾಪಲ್ಲಿ ಮೇಲೆ ಕಂಡಿದ್ದು ರೈಟರ ಡಿಪಿ ಮಾತ್ರ, ಅದ್ರಲ್ಲಿ ಅವ್ರು ತಲಕಾವೇರಿ ಮೆಟ್ಟಿಲ ಮೇಲೆ ನಿಂತಿದಾರೆ.

ಮುಂದೆ ಆಗಿದ್ದು ಕೇಳಿ. ಪಾರ್ಟಿ ಆಫೀಸಲ್ಲಿ ಲಾರಿ ನೋಡ್ಕೊಳೋ ಹುಡುಗಿ ಮೊಬೈಲಲ್ಲಿ ನೋಟಿಫಿಕೇಶನ್ ಬಂತು. ಅದ್ರಲ್ಲಿ ಕಾಣೋದು ಮೊದಲ ಎರಡು ಸಾಲು, ಆ ಎರಡು ಸಾಲಲ್ಲಿ ಇದ್ದಿದ್ದು ಘನ ಸನ್ನಿಧಾನ. ತೆರೆದು ನೋಡಿದ್ಲು, ಉದ್ದ ಮೆಸೇಜ್ ಆಗಿದ್ರಿಂದ ನಡುವಲ್ಲೇ ಮಡಚಿ ‘ರೀಡ್ ಮೋರ್’ ಅಂತ ತೋರಿಸ್ತು, ಕಣ್ಣಿಗೆ ಬಿದ್ದಿದ್ದು ‘ನಾಳೆ ಬೆಳಿಗ್ಗೆ’, ‘ಕಳುಹಿಸಲು’, ‘ಲಾರಿಯನ್ನು’. ಪಾಪ, ಇನ್ನೇನು ಬೇಕು ಅವಳಿಗೆ, ನಾಳೆ ಲಾರಿ ನೆನಪು ಮಾಡ್ತಿದಾರೆ ಅನ್ಕೊಂಡು ಹೆಬ್ಬೆಟ್ಟಿನ ಇಮೋಜಿ ಒತ್ತಿದ್ಲು. ರೈಟರು ಆ ಹೆಬ್ಬೆಟ್ಟು ನೋಡಿ, ಒಪ್ಕೊಂಡ್ರು, ಸಂಸ್ಕಾರವಂತರು ಅಂತ ಊಟಕ್ಕೆ ಹೋದ್ರು. ಬೆಳಿಗ್ಗೆ ಏಳಕ್ಕೆ ಲಾರಿ ಪಿರಿಯಾಪಟ್ಟಣ, ಬೈಲುಕುಪ್ಪೆ, ಕುಶಾಲನಗರ ದಾಟಿ ಸುಂಟಿಕೊಪ್ಪ ಹತ್ತಿ, ತೋಟದ ರಸ್ತೆಗೆ ಇಳಿದು, ಮೋರಿ ಹತ್ರ ಬಂದು ನಿಂತಿತ್ತು. ಮುಂದೆ ಹೊಂಡ, ತಿರುಗಿಸೋಕೆ ಜಾಗ ಇಲ್ಲ, ಹಿಂದೆ ಕೆಸರು. ಎರಡು ದಿನ ಅಲ್ಲೇ. ಡ್ರೈವರು ಮಳೆ ನೋಡ್ಕೊಂಡು ಬೀಡಿ ಸೇದ್ತಾ ‘ಬರಕ್ಕೆ ಹೇಳಿದ್ರಂತಲ್ಲ ಸಾರ್’ ಅಂತಾನೆ, ಅವನ್ದೇನು ತಪ್ಪು.

ಈಗ ಹಾಲ್ಟಿಂಗ್ ಚಾರ್ಜ್ ಯಾರ್ ಕೊಡ್ಬೇಕು ಅಂತ ಜಗಳ. ಪಾರ್ಟಿ ಹೇಳಿದ್ದು ನಂಗೆ ಮರೆಯೋಕಾಗಲ್ಲ: ‘ನೀವು ಬೇಡ ಅಂದಿಲ್ವಲ್ಲ ಸಾರ್, ಅಭಿಪ್ರಾಯ ಪಟ್ಟಿದೀರಿ. ಅದೂ ಯಾರು ಪಟ್ಟಿದ್ದು ಅಂತ ಬರ್ದಿಲ್ಲ.’ ಸರಿಯಾಗೇ ಇದೆ ಮಾರಾಯ್ರೆ! ‘ಅಭಿಪ್ರಾಯಪಡಲಾಗಿದೆ’. ಯಾರಿಂದ? ಸಾಹುಕಾರ್ರಿಂದಾನಾ, ರೈಟರಿಂದಾನಾ, ಕುಸಿದ ಮೋರಿಯಿಂದಾನಾ? ಈ ‘ಲಾಗಿದೆ’ ಅನ್ನೋ ಪ್ರತ್ಯಯ ಆಫೀಸು ಕನ್ನಡದ ದೊಡ್ಡ ಕೊಡೆ, ಅದ್ರ ಕೆಳಗೆ ಯಾರ್ ಬೇಕಾದ್ರೂ ನಿಂತ್ಕೋಬಹುದು, ಯಾರೂ ನೆನೆಯಲ್ಲ. ಪರಿಶೀಲಿಸಲಾಗುವುದು, ಕ್ರಮ ಕೈಗೊಳ್ಳಲಾಗುವುದು, ವಿಷಾದಿಸಲಾಗಿದೆ. ವಿಷಾದ ಕೂಡ ಯಾರದ್ದೋ ಗೊತ್ತಾಗಲ್ಲ.

ಆದ್ರೆ ಅಸಲಿ ಕಳ್ಳ ಅದಲ್ಲ. ಕನ್ನಡದಲ್ಲಿ ಕ್ರಿಯಾಪದ ಬರೋದು ಕೊನೆಗೆ, ಬೇಕು ಬೇಡ ಇಲ್ಲ ಆಗಲ್ಲ ಎಲ್ಲಾನೂ ಅದ್ರ ಜೊತೆ ಕೊನೆಗೇ ಬರೋದು. ನಾಲ್ಕು ಪದದ ವಾಕ್ಯಕ್ಕೆ ಇದ್ರಿಂದ ತೊಂದ್ರೆ ಇಲ್ಲ. ವಾಕ್ಯ ಒಂದು ಫರ್ಲಾಂಗು ಉದ್ದ ಆದಾಗ ಓದೋನು ಕೊನೇವರೆಗೂ ಉಸಿರು ಹಿಡ್ಕೊಂಡು ಕಾಯ್ಬೇಕು, ನಡುವೆ ಬಿಟ್ರೆ ಅರ್ಥ ಉಲ್ಟಾ. ಕಳುಹಿಸಿರುವುದು, ಕಳುಹಿಸದಿರುವುದು. ಇವೆರಡನ್ನ ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸ ಒಂದು ‘ದ’. ಬೇಡ ಅನ್ನೋದೆಲ್ಲಾ ಆ ಒಂದು ಅಕ್ಷರದ ಹೆಗಲ ಮೇಲೆ ಇತ್ತು, ಆ ‘ದ’ ಹೋಗಿ ರೀಡ್ ಮೋರ್ ಕೆಳಗೆ ಕೂತಿತ್ತು.

ಸಾಹುಕಾರ್ರು ನನ್ನ ಕರ್ದು, ನೀನು ಬೆಂಗಳೂರಲ್ಲಿ ನಾಲ್ಕು ವರ್ಷ ಇದ್ದವ್ನು, ಇನ್ಮೇಲೆ ರೈಟರ ಮೆಸೇಜ್ ನೋಡಿ ಕಳಿಸು ಅಂದ್ರು. ಕೂತ್ಕೊಂಡೆ. ರೈಟರ್ ಪಕ್ಕದಲ್ಲಿ, ಮುಖ ಹುಳಿ.

‘ಅಣ್ಣ, ಲಾರಿ ಬೇಡ ಅಂತ ಮೊದಲ ಸಾಲಲ್ಲೇ ಹಾಕೋಣ.’

‘ಎಂತ ಮಾತಾಡ್ತಿ ಮಾರಾಯ. ಬಂದವ್ರಿಗೆ ಒಂದು ಲೋಟ ನೀರು ಕೊಡದೆ, ಬಾಗಿಲಲ್ಲೇ ಬೇಡ ಹೋಗಿ ಅಂದಂಗೆ ಆಗಲ್ವಾ?’

ಇಲ್ಲೇ ನಂಗೆ ಅವ್ರ ಕಷ್ಟ ಅರ್ಥ ಆಗಿದ್ದು. ಅವ್ರ ಲೆಕ್ಕದಲ್ಲಿ ಉದ್ದ ಅಂದ್ರೆ ಮರ್ಯಾದೆ. ಆದ್ರೆ ಕನ್ನಡದಲ್ಲಿ ಮರ್ಯಾದೆ ಇರೋದು ಕ್ರಿಯಾಪದದ ಬಾಲದಲ್ಲೇ ಅಲ್ವಾ, ‘ಕಳಿಸ್ಬೇಡ’ ಅಂದ್ರೆ ಬೈದಂಗೆ, ‘ಕಳಿಸಬೇಡಿ’ ಅಂದ್ರೆ ಕೈಮುಗಿದಂಗೆ, ಒಂದು ಗುಡಿಸಲ್ಲೇ ಕೆಲ್ಸ ಆಯ್ತು, ಅದಕ್ಕೆ ಬೇರೆ ಸನ್ನಿಧಾನ ಕಟ್ಟಿಸೋದು ಯಾಕೆ. ಇದನ್ನ ಹೇಳ್ದೆ. ರೈಟರು ಸ್ವಲ್ಪ ಹೊತ್ತು ಸುಮ್ನಿದ್ದು ‘ನಮಸ್ಕಾರ ಅಂತಾದ್ರೂ ಇರ್ಲಿ’ ಅಂದ್ರು. ಇರ್ಲಿ ಅಂದೆ, ಒಂದು ಪದ ತಾನೆ.

ಆಮೇಲೆ ಒಂದೊಂದೇ ಕೇಳ್ತಾ ಹೋದೆ. ಎಂತ ಆಗ್ಬೇಕು? ಲಾರಿ ನಿಲ್ಲಬೇಕು. ಯಾಕೆ? ಮೋರಿ. ‘ಪುನಃ ಸಂಚಾರಯೋಗ್ಯವಾಗುವ ಪರ್ಯಂತ’ ಅಂದ್ರೆ ಯಾವಾಗ? ಗೊತ್ತಿಲ್ಲ. ಗೊತ್ತಿಲ್ಲದಿದ್ರೆ, ಯಾವತ್ತು ಗೊತ್ತಾಗುತ್ತೆ ಅದನ್ನಾದ್ರೂ ಹೇಳ್ಬೋದಲ್ಲ? ಶುಕ್ರವಾರ ಮೇಸ್ತ್ರಿ ಪೈಪ್ ಹಾಕ್ಸಿ ಮುಗಿಸ್ತೀನಿ ಅಂದಿದಾರೆ. ಯಾರ್ ಫೋನ್ ಮಾಡೋದು? ನಾನೇ. ಎಲ್ಲಾ ಉತ್ತರ ರೈಟರ ತಲೇಲೇ ಇತ್ತು, ಮೆಸೇಜಲ್ಲಿ ಮಾತ್ರ ಇರ್ಲಿಲ್ಲ. ಕೊನೆಗೆ ಆಗಿದ್ದು ಇಷ್ಟು:

‘ನಮಸ್ಕಾರ. ನಾಳೆ, ಬುಧವಾರ, ಲಾರಿ ಕಳಿಸಬೇಡಿ. ತೋಟದ ರಸ್ತೆಯ ಮೋರಿ ಕುಸಿದಿದೆ, ಲಾರಿ ಬರಲು ಆಗುವುದಿಲ್ಲ. ನಿಮ್ಮ 160 ಮೂಟೆ ರೋಬಸ್ಟಾ ಚೆರ್ರಿ ಗೋಡೌನ್‌ನಲ್ಲೇ ಇದೆ. ಶುಕ್ರವಾರ ಮಧ್ಯಾಹ್ನ 3 ಗಂಟೆಗೆ ರಸ್ತೆ ನೋಡಿ ನಾನೇ ಫೋನ್ ಮಾಡುತ್ತೇನೆ. ಲಾರಿ ನಿಲ್ಲಿಸಿದ ಮೇಲೆ ‘ನಿಲ್ಲಿಸಿದ್ದೇವೆ’ ಎಂದು ಉತ್ತರ ಹಾಕಿ.’

ಕೊನೇ ಸಾಲು ಬೇಕೇ ಬೇಕು. ಹೆಬ್ಬೆಟ್ಟು ಅಂದ್ರೆ ಓದಿದೆ ಅಂತಾನೂ ಆಗುತ್ತೆ, ಓದಿಲ್ಲ ಆಮೇಲೆ ನೋಡ್ತೀನಿ ಅಂತಾನೂ ಆಗುತ್ತೆ, ಆದ್ರೆ ‘ನಿಲ್ಲಿಸಿದ್ದೇವೆ’ ಅಂತ ಟೈಪ್ ಮಾಡ್ಬೇಕಾದ್ರೆ ಮನುಷ್ಯ ನಿಲ್ಲಿಸ್ಲೇಬೇಕು. ಲಾರಿ ಆಗ್ಲೇ ಬಂದು ನಿಂತಿತ್ತು ಬಿಡಿ, ಇದು ಬರೀ ಅಭ್ಯಾಸಕ್ಕೆ.

ಇಷ್ಟಕ್ಕೂ ಈ ರೋಗ ರೈಟರ ಮನೇಲಿ ಹುಟ್ಟಿದ್ದಲ್ಲ. 1834ರಲ್ಲಿ ಬ್ರಿಟಿಷರು ಕೊಡಗನ್ನ ತಗೊಂಡ್ಮೇಲೆ ಮಡಿಕೇರಿ ಕಚೇರಿಗೆ ಬಂದ ಸಾಮಾನಲ್ಲಿ ‘ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್’ ಕೂಡ ಒಂದು, ಅವ್ರು ತಮ್ಮ ಮೇಲಿನವ್ರಿಗೆ ಹಾಗೇ ಬರೀತಿದ್ರು, ನಮ್ಮೋರು ಅದನ್ನ ‘ತಮ್ಮ ಆಜ್ಞಾನುವರ್ತಿ’ ಮಾಡ್ಕೊಂಡು, ಸಾಲ್ದು ಅಂತ ಮೇಲೆ ಸಂಸ್ಕೃತದ ಒಗ್ಗರಣೆ ಹಾಕಿದ್ರು. ತಮಾಷೆ ಅಂದ್ರೆ ಅವ್ರು ಇಲ್ಲಿಂದ ಗಂಟುಮೂಟೆ ಕಟ್ಟಿದ ಮಾರನೇ ವರ್ಷಾನೇ, 1948ರಲ್ಲಿ, ಅವ್ರದ್ದೇ ಖಜಾನೆ ಇಲಾಖೆ ಅರ್ನೆಸ್ಟ್ ಗೋವರ್ಸ್ ಅನ್ನೋ ಹಿರಿಯ ಅಧಿಕಾರಿ ಹತ್ರ, ನಮ್ ಗುಮಾಸ್ತರಿಗೆ ಸರಳವಾಗಿ ಬರೆಯೋದು ಹೇಳ್ಕೊಡಿ ಅಂತ ಬರೆಸಿದ ಪುಸ್ತಕ ಹೊರಗೆ ಬಂತು. ಕಲಿಸಿದವ್ರು ಬಿಡೋಕೆ ಶುರು ಮಾಡಿದ್ರು, ನಾವು ಇನ್ನೂ ಸದರಿ ಮಾರ್ಗದಲ್ಲೇ ಸಿಕ್ಕಾಕೊಂಡಿದೀವಿ.

ನಾನೇನೋ ದೊಡ್ಡ ಸಾಧನೆ ಮಾಡ್ದೆ ಅನ್ಕೊಂಡ್ರೆ ಸಾಹುಕಾರ್ರ ಅಳಿಯ ಬಂದ, ಐಟಿ ಕಂಪನಿ, ಮಳೆಗಾಲದಲ್ಲಿ ಮನೆಯಿಂದ ಕೆಲ್ಸ. ನನ್ನ ಮೆಸೇಜ್ ನೋಡಿ ‘ಟೂ ಬ್ಲಂಟ್ ಬ್ರೋ, ಪ್ರೊಫೆಷನಲ್ ಆಗಿಲ್ಲ’ ಅಂತ ತಾನೊಂದು ಬರ್ದ: ‘ಹಾಯ್ ಟೀಮ್, ಜಸ್ಟ್ ಸರ್ಕ್ಲಿಂಗ್ ಬ್ಯಾಕ್ ಆನ್ ದ ಲಾಜಿಸ್ಟಿಕ್ಸ್ ಪೀಸ್, ವೀ ಆರ್ ಸೀಯಿಂಗ್ ಸಮ್ ಕನೆಕ್ಟಿವಿಟಿ ಚಾಲೆಂಜಸ್ ಆನ್ ಗ್ರೌಂಡ್, ಲೆಟ್ಸ್ ಅಲೈನ್ ಆನ್ ದ ಕಾಫಿ ಎಸಾಪ್.’ ಇದೂ ಘನ ಸನ್ನಿಧಾನಾನೇ, ಪಂಚೆ ಬಿಚ್ಚಿ ಜೀನ್ಸ್ ಹಾಕಿದೆ ಅಷ್ಟೇ. ಕನೆಕ್ಟಿವಿಟಿ ಚಾಲೆಂಜ್ ಅಂದ್ರೆ ಪಾರ್ಟಿ ನೆಟ್ವರ್ಕ್ ಇಲ್ಲ ಅನ್ಕೊಳ್ತಾರೆ, ಮೋರಿ ಬಿದ್ದಿದೆ ಅಂತ ಯಾರಿಗೆ ಹೊಳೆಯುತ್ತೆ. ಅದೂ ಹೋಗ್ಲಿ, ‘ರೋಬಸ್ಟಾ ಚೆರ್ರಿ’ ಕಷ್ಟದ ಪದ ಅಂತ ‘ಕಾಫಿ’ ಮಾಡಿದಾನೆ. ಚೆರ್ರಿ ಅಂದ್ರೆ ಹಣ್ಣನ್ನ ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದ್ದು, ಪಾರ್ಚ್‌ಮೆಂಟ್ ಅಂದ್ರೆ ಸಿಪ್ಪೆ ತೆಗೆಯೋ ಪಲ್ಪರಿಗೆ ಹಾಕಿ, ತೊಳೆದು ಒಣಗಿಸಿದ್ದು, ಎರಡಕ್ಕೂ ರೇಟೇ ಬೇರೆ. ಆ ಪದ ತೆಗೆದ್ರೆ ಮೆಸೇಜ್ ಸರಳ ಆಗಲ್ಲ, ಸರಕೇ ಬದಲಾಗುತ್ತೆ. ರೈಟರು ಅದನ್ನ ಓದಿ, ಮೊದಲ ಸಲ ನನ್ನ ಕಡೆ ಪ್ರೀತಿಯಿಂದ ನೋಡಿದ್ರು.

ಶುಕ್ರವಾರ ಪೈಪ್ ಕೂತ್ಕೊಳ್ತು. ಮೂರು ಗಂಟೆಗೆ ರೈಟರು ಕೊಡೆ ಹಿಡ್ಕೊಂಡು ಹೋಗಿ ನೋಡ್ಕೊಂಡು ಬಂದು, ಫೋನ್ ಮಾಡಿ, ಆಮೇಲೆ ಮೆಸೇಜೂ ಹಾಕಿದ್ರು, ನಂಗೆ ತೋರಿಸ್ದೇನೆ. ಆಮೇಲೆ ನೋಡ್ದೆ: ‘ನಮಸ್ಕಾರ. ರಸ್ತೆ ಸರಿಯಾಗಿದೆ. ನಾಳೆ, ಶನಿವಾರ, ಬೆಳಿಗ್ಗೆ 8ಕ್ಕೆ ಲಾರಿ ಲೋಡ್ ಮಾಡುತ್ತೇವೆ.’ ನಂಗೆ ಖುಷಿ ಆಯ್ತು. ಕೆಳಗೆ ಸ್ಕ್ರೋಲ್ ಮಾಡಿದ್ರೆ, ಒಂದಿಷ್ಟು ಜಾಗ ಬಿಟ್ಟು, ಬಲಗಡೆ ಬರೋ ಹಂಗೆ ಸ್ಪೇಸ್ ಒತ್ತಿ ಒತ್ತಿ: ‘ಇತಿ ತಮ್ಮ ಆಜ್ಞಾನುವರ್ತಿ.’

ಹೇಳೋಣ ಅನ್ನೋಷ್ಟರಲ್ಲಿ ಆ ಹುಡುಗಿಯ ಉತ್ತರ ಬಂತು. ‘ಸರಿ ಸಾರ್, ಡ್ರೈವರಿಗೆ ಹೇಳಿದೀನಿ. ಇತಿ ತಮ್ಮ ವಿಧೇಯಳು.’

ರೈಟರು ಅದನ್ನ ಇಡೀ ಆಫೀಸಿಗೆ ತೋರಿಸಿ, ಆಳುಗಳ ಲೈನ್ ಮನೆ ಕಡೆಗೂ ಹೋಗಿ ತೋರಿಸಿ ಬಂದ್ರು. ಹಾಲ್ಟಿಂಗ್ ಚಾರ್ಜ್ ವಿಷಯ ಇನ್ನೂ ಪರಿಶೀಲಿಸಲಾಗುತ್ತಿದೆ.